ಸಹಾಯ ಬೇಕು: ಏಕಸ್ವಾಮ್ಯದ ಚಿತ್ರದಲ್ಲಿ ಬೆಲೆ ಓದುವಾಗ ಆಗುವ ತಪ್ಪು

ಅರ್ಥಶಾಸ್ತ್ರ ಪಾಠ ಮಾಡುವವರಲ್ಲಿ ಒಂದು ಕೋರಿಕೆ. ಪರೀಕ್ಷೆಯಲ್ಲಿ ಮಕ್ಕಳು ಸೀಮಾಂತ ಆದಾಯ ರೇಖೆಯನ್ನು ಬೇಡಿಕೆ ರೇಖೆಗೆ ಸಮಾನಾಂತರವಾಗಿ ಎಳೆದುಬಿಡುತ್ತಾರೆ. ಬೇಡಿಕೆ P = 20 − Q ಎಂದಿಟ್ಟುಕೊಳ್ಳಿ. ಎರಡೂ ರೇಖೆ ಬೆಲೆ ಅಕ್ಷದ 20ರಿಂದಲೇ ಹೊರಡಬೇಕು. ಬೇಡಿಕೆ ರೇಖೆ ಪ್ರಮಾಣದ ಅಕ್ಷವನ್ನು 20ರಲ್ಲಿ ಮುಟ್ಟಿದರೆ ಸೀಮಾಂತ ಆದಾಯ 10ರಲ್ಲೇ ಮುಟ್ಟುತ್ತದೆ. ಒಂದು ಘಟಕ ಹೆಚ್ಚು ಮಾರಲು ಹಿಂದಿನ ಘಟಕಗಳ ಬೆಲೆಯನ್ನೂ ಇಳಿಸಬೇಕಲ್ಲ, ಇಳಿಜಾರು ಇಮ್ಮಡಿಯಾಗುವುದು ಅದಕ್ಕೇ.

ಇದನ್ನು ಸ್ಕೇಲ್ ಹಿಡಿದು ತಿದ್ದಬಹುದು. ನಿಜವಾದ ತೊಡಕು ಮುಂದಿನದು. ಸೀಮಾಂತ ವೆಚ್ಚ 4 ಆದರೆ, ಅದು ಸೀಮಾಂತ ಆದಾಯವನ್ನು ಕತ್ತರಿಸುವ ಛೇದಬಿಂದುವಿನಲ್ಲಿ ಪ್ರಮಾಣ 8. ಅಲ್ಲಿಂದಲೇ ಎಡಕ್ಕೆ ಹೋಗಿ ಬೆಲೆ 4 ಎಂದು ಬರೆಯುತ್ತಾರೆ. ಆ ಬಿಂದು ಪ್ರಮಾಣವನ್ನಷ್ಟೇ ಹೇಳುತ್ತದೆ. ಬೆಲೆಗೆ ಬೇಡಿಕೆ ರೇಖೆಯವರೆಗೆ ಮೇಲೇರಬೇಕು, ಅಲ್ಲಿ 12 ಸಿಗುತ್ತದೆ. ಆ ಪ್ರಮಾಣದಲ್ಲಿ ಸರಾಸರಿ ವೆಚ್ಚ 6 ಇದ್ದರೆ ಲಾಭ (12 − 6) × 8 = 48. ಬೆಲೆ 4 ಎಂದವರ ಲೆಕ್ಕದಲ್ಲಿ ಇದೇ ಸಂಸ್ಥೆಗೆ 16 ನಷ್ಟ!

ಪ್ರಮಾಣ ಸರಿ, ಬೆಲೆ ತಪ್ಪು ಬರೆದ ಉತ್ತರಕ್ಕೆ ನೀವು ಎಷ್ಟು ಅಂಕ ಕೊಡುತ್ತೀರಿ? ರೇಖೆಗಳ ಹೆಸರು ಅಳಿಸಿ, ಯಾವುದು ಯಾವುದೆಂದು ಗುರುತಿಸಿ ಬೆಲೆ ಓದಿಸುವಂಥ ಅಭ್ಯಾಸದ ಚಿತ್ರಗಳಿದ್ದರೆ ದಯವಿಟ್ಟು ಇಲ್ಲಿ ಹಾಕಿ.