ಚಂದ್ರನನ್ನು ಯಾರೂ ತಿನ್ನದ ಕಥೆ ಬೇಕಿತ್ತು

ನಾಪೋಕ್ಲು ಕಡೆಯ ಅಮ್ಮ: ಮಗಳಿಗೆ ನಾಲ್ಕೂವರೆ ವರ್ಷ. ಪುತ್ತರಿಗೆ ಕದಿರು ತೆಗೆಯುವಾಗ ಗದ್ದೆಯಲ್ಲಿ ನಿಂತು ದುಂಡು ಚಂದ್ರನನ್ನು ನೋಡಿದ್ದಳು. ಒಂದು ವಾರ ಬಿಟ್ಟು ಬೆಳಿಗ್ಗೆ ನೋಡಿದರೆ ಅರ್ಧ ಇದೆ. ಉಳಿದದ್ದನ್ನು ಯಾರು ತಿಂದರು ಅಂತ ಅಳು. ಮಲಗುವಾಗ ಹೇಳೋಕೆ ಒಂದು ಕಥೆ ಬೇಕು, ಆದರೆ ದೊಡ್ಡವಳಾದ ಮೇಲೆ ಸುಳ್ಳು ಅಂತ ಗೊತ್ತಾಗಬಾರದು. ನಿಮ್ಮ ಮಕ್ಕಳಿಗೆ ಏನು ಹೇಳಿದ್ರಿ?

ಮಡಿಕೇರಿಯ ಅಪ್ಪ: ನಾನು ಸುಲಭವಾಗಿ ಮುಗಿಸಿದೆ. ಸೂರ್ಯನ ಬೆಳಕು ಚಂದ್ರನ ಮೇಲೆ ಬೀಳುತ್ತೆ, ಚಂದ್ರನಿಗೆ ಸ್ವಂತ ಬೆಳಕಿಲ್ಲ. ನಮ್ಮ ಭೂಮಿಯ ನೆರಳು ಅಡ್ಡ ಬಂದಷ್ಟು ಭಾಗ ಕಪ್ಪಾಗುತ್ತೆ. ಗೋಡೆ ಮೇಲೆ ಕೈ ನೆರಳು ಬಿಟ್ಟು ತೋರಿಸಿದೆ, ಮಗ ಒಪ್ಪಿಕೊಂಡ.

ಪೊನ್ನಂಪೇಟೆ ಅಜ್ಜಿ: ನಾವು ಚಿಕ್ಕವರಿದ್ದಾಗ ಗಣಪತಿಯ ಕಥೆ. ಅವನು ಬಿದ್ದದ್ದನ್ನು ನೋಡಿ ಚಂದ್ರ ನಕ್ಕ, ಶಾಪ ಬಿತ್ತು, ಸವೆಯುತ್ತಾ ಹೋದ. ಮೊಮ್ಮಕ್ಕಳಿಗೂ ಅದನ್ನೇ ಹೇಳಿದ್ದೀನಿ. ಯಾರೂ ಕೆಟ್ಟುಹೋಗಿಲ್ಲ. ಎಲ್ಲದಕ್ಕೂ ವಿಜ್ಞಾನ ಯಾಕೆ ಮಗಳೇ?

ಸೋಮವಾರಪೇಟೆ ಮೇಷ್ಟ್ರು (ಈಗ ನಿವೃತ್ತ): ಅಜ್ಜಿ, ನಿಮ್ಮ ಕಥೆ ಇರಲಿ, ಚೌತಿ ದಿನ ಹೇಳೋಣ. ಆದರೆ ಈ ಮಗು ಈಗಲೇ ಚಂದ್ರನಿಗೆ ಏನೋ ಆಯ್ತು ಅಂತ ಅಳುತ್ತಿದೆ. ಶಾಪ, ಸವೆತ ಅಂದರೆ ಅಳು ಇನ್ನೂ ಜಾಸ್ತಿ ಆಗಬಹುದು.

ಮಡಿಕೇರಿಯವರೇ, ಮೊದಲರ್ಧ ಸರಿ, ನೆರಳಿನ ಮಾತು ತಪ್ಪು. ನೆರಳು ಬೀಳೋದು ಗ್ರಹಣದ ದಿನ ಮಾತ್ರ. ಬೇಕಾದರೆ ಶುಕ್ಲ ಅಷ್ಟಮಿಯ ದಿನ ಸಂಜೆ ನಾಲ್ಕಕ್ಕೆ ಅಂಗಳಕ್ಕೆ ಬನ್ನಿ. ಸೂರ್ಯ ಪಶ್ಚಿಮದಲ್ಲಿ ಇನ್ನೂ ಇರ್ತಾನೆ, ಅರ್ಧ ಚಂದ್ರ ಪೂರ್ವದ ಕಡೆ ಮೇಲೆ ಬಂದಿರ್ತಾನೆ, ಇಬ್ಬರೂ ಒಟ್ಟಿಗೆ ಕಾಣ್ತಾರೆ. ನಾವು ಅವರ ನಡುವೆ ಅಡ್ಡ ನಿಂತೇ ಇಲ್ಲ, ನೆರಳು ಎಲ್ಲಿಂದ ಬರಬೇಕು? ಮೂವತ್ತು ವರ್ಷ ಪಾಠ ಮಾಡಿದೆ, ಪ್ರತಿ ತರಗತಿಯಲ್ಲೂ ಅರ್ಧಕ್ಕರ್ಧ ಮಕ್ಕಳು ನೆರಳು ಅಂತಲೇ ಬರೀತಿದ್ದರು. ಒಮ್ಮೆ ತಲೆಗೆ ಹೋದರೆ ತೆಗೆಯೋದು ಕಷ್ಟ.

ನಾನು ಮೊಮ್ಮಗನಿಗೆ ಹೇಳೋ ಕಥೆ ಇದು.

ಒಂದೂರಲ್ಲಿ ಒಬ್ಬ ಅಜ್ಜ ಇದ್ದ. ಮುಖ ದುಂಡಗೆ, ತಲೆ ಬೋಳು. ಜಗಲಿಯಲ್ಲಿ ಒಂದು ದೊಡ್ಡ ದೀಪ. ಮೊಮ್ಮಗಳು ಅಂಗಳದ ಮಧ್ಯೆ ಕೂತಿದ್ದಳು. ಅಜ್ಜ ಅವಳನ್ನೇ ನೋಡುತ್ತಾ ಸುತ್ತ ನಿಧಾನಕ್ಕೆ ನಡೆಯುತ್ತಿದ್ದ. ಅಜ್ಜ ದೀಪದ ಕಡೆಗೆ ಹೋದಾಗ ದೀಪ ಅವನ ಬೆನ್ನಿಗೆ. ಮುಖ ಕಪ್ಪು. "ಅಜ್ಜ ಎಲ್ಲಿ?" ಅಂದಳು. "ಇಲ್ಲೇ ಇದ್ದೀನಿ" ಅಂದ. ಅಜ್ಜ ಪಕ್ಕಕ್ಕೆ ಬಂದ. ದೀಪದ ಕಡೆಯ ಕೆನ್ನೆ ಒಂದೇ ಬೆಳಗಿತು. "ಅಜ್ಜ, ನಿನ್ನ ಇನ್ನೊಂದು ಕೆನ್ನೆ?" "ಇಲ್ಲೇ ಇದೆ, ಮುಟ್ಟಿ ನೋಡು." ಮುಟ್ಟಿದಳು, ಬೆಚ್ಚಗೆ ಇತ್ತು. ಅಜ್ಜ ಅವಳ ಬೆನ್ನ ಹಿಂದೆ ಹೋದ, ಅವಳು ತಿರುಗಿ ನೋಡಿದಳು, ಇಡೀ ಮುಖ ಬೆಳ್ಳಗೆ! ಅದೇ ಹುಣ್ಣಿಮೆ. ಆಮೇಲೆ ಆ ಕಡೆಯ ಕೆನ್ನೆ, ಆಮೇಲೆ ಮತ್ತೆ ಕಪ್ಪು. ಒಂದು ಸುತ್ತಿಗೆ ಅಜ್ಜನಿಗೆ ಇಪ್ಪತ್ತೊಂಬತ್ತೂವರೆ ದಿನ ಬೇಕು, ಪಾಪ, ವಯಸ್ಸಾಗಿದೆ.

ಕಥೆಯಲ್ಲಿ ಮುಖ್ಯ ಜಾಗ ಆ ಕೆನ್ನೆ ಮುಟ್ಟೋದು. ಅಲ್ಲಿ ಅವಸರ ಮಾಡಬೇಡಿ. ನಿಮ್ಮ ಕೆನ್ನೆಯನ್ನೇ ಮುಟ್ಟಿಸಿ.

ಹೋಂಸ್ಟೇ ನಡೆಸುವವರು: ಚಂದ್ರ ನೋಡೋಕೆ ನವೆಂಬರ್ ಕೊನೆಯಿಂದ ಮಾರ್ಚ್ ತನಕ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಆಕಾಶವೇ ಇರಲ್ಲ, ಮಳೆಗಾಲದಲ್ಲಿ ಕೇಳಿ ಬರೋ ಗೆಸ್ಟ್‌ಗಳಿಗೆ ನಾನು ಮೊದಲೇ ಹೇಳಿಬಿಡ್ತೀನಿ. ಫೆಬ್ರವರಿ ಮಾರ್ಚ್‌ನಲ್ಲಿ ಬಿದಿಗೆ ತದಿಗೆ ಚಂದ್ರ ದೋಣಿ ಹಾಗೆ ಮಲಗಿರುತ್ತೆ, ಫೋಟೋಗೆ ಸೂಪರ್.

ನಾಪೋಕ್ಲು ಕಡೆಯ ಅಮ್ಮ: ಅಣ್ಣ, ನಾನು ಕೇಳಿದ್ದು ಕಥೆ 😀 ಆದರೆ ದೋಣಿ ವಿಷಯ ಉಪಯೋಗಕ್ಕೆ ಬಂತು. ಅವಳ ಚಿತ್ರದ ಪುಸ್ತಕದಲ್ಲಿ ಚಂದ್ರ ಯಾವಾಗಲೂ ನೆಟ್ಟಗೆ ನಿಂತಿರುತ್ತೆ.

ವಿರಾಜಪೇಟೆ, ಅವಳಿ ಮಕ್ಕಳ ತಾಯಿ: ಪುಸ್ತಕದವರು ನಮಗಿಂತ ತುಂಬಾ ಉತ್ತರದ ದೇಶದವರು, ಅಲ್ಲಿಂದ ಹಾಗೆ ಕಾಣುತ್ತೆ. ಅದನ್ನು ಬಿಡಿ. ಮೇಷ್ಟ್ರ ಕಥೆ ಹೇಳಿದ ಮರುದಿನ ಕಿತ್ತಳೆ ಹಣ್ಣಲ್ಲಿ ಮಾಡಿ ತೋರಿಸಿ, ಈಗ ಹೇಗೂ ನಮ್ಮ ಕಿತ್ತಳೆ ಸಿಗುತ್ತೆ. ನಾನು ಎರಡು ಸಲ ಕೆಡಿಸಿ ಮೂರನೇ ಸಲ ಕಲಿತೆ.

ಮೊದಲ ಸಲ ಮೇಲಿನ ಬಲ್ಬ್ ಹಾಕಿಯೇ ಮಾಡಿದೆ. ಹಣ್ಣಿನ ನೆತ್ತಿ ಮಾತ್ರ ಬೆಳಗಿತು, ಎತ್ತ ತಿರುಗಿದರೂ ಹಾಗೇ. ಎರಡನೇ ಸಲ ಮೊಬೈಲ್ ಟಾರ್ಚ್ ಪಕ್ಕದಲ್ಲೇ ಇಟ್ಟೆ, ಬೆಳಕು ಬಿಳಿ ಗೋಡೆಗೆ ಹೊಡೆದು ವಾಪಸ್ ಬಂತು, ಹಣ್ಣಿನ ಕಪ್ಪು ಭಾಗವೇ ಇಲ್ಲ. ಕೊನೆಗೆ ಕಾಫಿ ಒಣಗಿಸೋ ಕಣಕ್ಕೆ ಹೋದೆವು, ರಾತ್ರಿ, ಗೋಡೆ ಇಲ್ಲ. ಎಂಟು ಹತ್ತು ಅಡಿ ದೂರದಲ್ಲಿ ಸ್ಟೂಲ್ ಮೇಲೆ ಒಂದೇ ದೀಪ, ಮಕ್ಕಳ ಕಣ್ಣಿನ ಎತ್ತರಕ್ಕೆ. ಕಿತ್ತಳೆಯನ್ನು ಬಿದಿರು ಕಡ್ಡಿಗೆ ಚುಚ್ಚಿ ಕೈ ಚಾಚಿ ಹಿಡಿಯಬೇಕು. ದೀಪಕ್ಕೆ ಮುಖ ಮಾಡಿ ಶುರು, ಆಮೇಲೆ ಎಡಕ್ಕೆ ನಿಧಾನ ತಿರುಗಬೇಕು. ಕಾಲು ಸುತ್ತಿಗೆ ಹಣ್ಣಿನ ಬಲಗಡೆ ಬೆಳಗುತ್ತೆ. ದೀಪಕ್ಕೆ ಬೆನ್ನು ಮಾಡಿದಾಗ ಹಣ್ಣನ್ನು ತಲೆಗಿಂತ ಸ್ವಲ್ಪ ಮೇಲೆ ಎತ್ತಿ ಹಿಡಿಸಿ, ಇಲ್ಲದಿದ್ದರೆ ತಲೆಯ ನೆರಳೇ ಬಿದ್ದು ಹಣ್ಣು ಮಾಯ. ನಮ್ಮ ಒಬ್ಬ ಮಗ ಎತ್ತಲೇ ಇಲ್ಲ, ಗ್ರಹಣ ಆಯ್ತು! ಮಡಿಕೇರಿಯವರ ನೆರಳು ಅಲ್ಲಿ ಬರುತ್ತೆ ನೋಡಿ.

ಇನ್ನೊಬ್ಬ ಅಷ್ಟರಲ್ಲಿ ತನ್ನ ಚಂದ್ರನನ್ನು ಸುಲಿದು ತಿಂದ. ಹಾಗಾಗಿ ಯಾರು ತಿಂದರು ಅಂತ ಕೇಳೋ ಮಗುವಿಗೆ ಹಣ್ಣು ಬೇಡವೇನೋ, ಚೆಂಡು ಕೊಡಿ.

ಮಡಿಕೇರಿಯ ಅಪ್ಪ: ಹಾಗಾದರೆ ಪ್ರತಿ ಹುಣ್ಣಿಮೆಗೂ ಚಂದ್ರ ನಮ್ಮ ತಲೆಗಿಂತ ಮೇಲೇ ಇರುತ್ತಾ?

ಸೋಮವಾರಪೇಟೆ ಮೇಷ್ಟ್ರು: ಮೇಲೆ ಅಥವಾ ಕೆಳಗೆ. ಅವನ ದಾರಿ ಸುಮಾರು ಐದು ಡಿಗ್ರಿ ಓರೆ, ಅದಕ್ಕೇ ಹೆಚ್ಚಿನ ಹುಣ್ಣಿಮೆಗಳಲ್ಲಿ ನೆರಳಿಗೆ ಸಿಗಲ್ಲ. ಇದನ್ನು ಮಗುವಿಗೆ ಹೇಳಬೇಡಿ, ನಿಮ್ಮ ಮಗನಿಗೆ ಹತ್ತು ವರ್ಷ ಆದಾಗ ಹೇಳಿ, ಮೊದಲು ಹೇಳಿದ್ದನ್ನು ವಾಪಸ್ ತಗೊಳ್ಳಿ.

ಅಮ್ಮನಿಗೆ ಒಂದು ಮಾತು. ಮಗು ಎಂಟೂವರೆಗೆ ಮಲಗಿದರೆ ಅರ್ಧ ತಿಂಗಳು ಚಂದ್ರನನ್ನು ನೋಡೋದೇ ಇಲ್ಲ. ಹುಣ್ಣಿಮೆ ಆದ ಮೇಲೆ ದಿನಕ್ಕೆ ಹೆಚ್ಚುಕಡಿಮೆ ಐವತ್ತು ನಿಮಿಷ ತಡ ಮಾಡಿ ಹುಟ್ತಾನೆ, ಒಂದು ವಾರಕ್ಕೆ ನಡುರಾತ್ರಿ. ಮಕ್ಕಳಿಗೆ ಅವನು ಕಳೆದುಹೋದ ಹಾಗೆ. ಆ ವಾರ ಶಾಲೆ ವ್ಯಾನ್‌ಗೆ ಕಾಯುವಾಗ ಮೇಲೆ ನೋಡಿ ಅನ್ನಿ.

ಪೊನ್ನಂಪೇಟೆ ಅಜ್ಜಿ: ದೀಪದ ಅಜ್ಜನ ಕಥೆ ಹೇಳಿದೆ. ಮೊಮ್ಮಗ ಅಜ್ಜ ಬೇಡ, ಗಣಪತಿಯೇ ಬೇಕು ಅಂದ.

ನಾಪೋಕ್ಲು ಕಡೆಯ ಅಮ್ಮ: ಮೂರು ರಾತ್ರಿಯಿಂದ ಅದೇ ಕಥೆ ಹೇಳ್ತಿದ್ದೀನಿ. ಅಳು ನಿಂತಿದೆ, ಕೆನ್ನೆ ಮುಟ್ಟೋದು ನಿಂತಿಲ್ಲ. ನಿನ್ನೆ ಹೊಸ ಪ್ರಶ್ನೆ: ಅಜ್ಜನ ಮುಖ ಕಪ್ಪಾದಾಗ ನಮಗೆ ಅವನು ಕಾಣಲ್ಲ, ಅವನಿಗೆ ನಾವು ಕಾಣ್ತೀವಾ? ಏನು ಹೇಳಲಿ ಮೇಷ್ಟ್ರೇ?

ಸೋಮವಾರಪೇಟೆ ಮೇಷ್ಟ್ರು: ದೀಪ ಅವನ ಬೆನ್ನಿಗೆ ಇದ್ದರೆ ಯಾರ ಮುಖಕ್ಕೆ ಇರುತ್ತೆ ಅಂತ ಅವಳನ್ನೇ ಕೇಳಿ. ಅಮಾವಾಸ್ಯೆ ದಿನ ಚಂದ್ರನ ಮೇಲಿಂದ ನಾವು ಪೂರ್ತಿ ದುಂಡಗೆ ಕಾಣ್ತೀವಿ. ಅದಾಗಿ ಎರಡು ಮೂರು ದಿನಕ್ಕೆ ಸಂಜೆ ಸಣ್ಣ ಗೆರೆ ಚಂದ್ರ ಬಂದಾಗ ಚೆನ್ನಾಗಿ ನೋಡಿಸಿ, ಗೆರೆಯ ಒಳಗೆ ಉಳಿದ ದುಂಡು ಬೂದಿ ಬಣ್ಣದಲ್ಲಿ ಮಸುಕಾಗಿ ಕಾಣುತ್ತೆ. ಅದು ಅವಳ ಮುಖದ ಬೆಳಕು ಅಜ್ಜನ ಮೇಲೆ ಬಿದ್ದಿರೋದು.