ಹೊರದೇಶದಿಂದ ತಂದ ಫೋನಿನಲ್ಲಿ ಎರಡನೇ ಸಿಮ್‌ಗೆ ಮಾತ್ರ ನೆಟ್‌ವರ್ಕ್ ಇಲ್ಲ: ಸುಂಕ ಕಟ್ಟಿಯೂ ಹೀಗೇಕೆ?

ಜೋಡಿಸಿಮ್: ಅಮೆರಿಕದಲ್ಲಿ 900 ಡಾಲರ್ ಕೊಟ್ಟು ಕೊಂಡ ಫೋನನ್ನು ತಂದು, ವಿಮಾನ ನಿಲ್ದಾಣದಲ್ಲಿಯೇ ಘೋಷಿಸಿ, ಹೇಳಿದಷ್ಟು ತೆರಿಗೆ ಕಟ್ಟಿ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐಯ ನೋಂದಣಿಯನ್ನೂ ಮಾಡಿಸಿಕೊಂಡಿದ್ದೇನೆ. ಆದರೂ ನನ್ನ ಇ-ಸಿಮ್‌ಗೆ ನೆಟ್‌ವರ್ಕ್ ಸಿಗುತ್ತಿಲ್ಲ. ಮೊದಲ ವಾರ ಇ-ಸಿಮ್ ಚೆನ್ನಾಗಿಯೇ ಕೆಲಸ ಮಾಡಿತ್ತು. ಫೋನ್ ರೀಸೆಟ್ ಮಾಡಿದ್ದೇನೆ, ಇ-ಸಿಮ್ ಅನ್ನು ಎರಡು ಬಾರಿ ಅಳಿಸಿ ಮತ್ತೆ ಹಾಕಿಸಿದ್ದೇನೆ. ನಿಯಮದಂತೆ ನಡೆದುಕೊಂಡವನಿಗೇ ಈ ಗತಿಯಾದರೆ ಹೇಗೆ? ದಯವಿಟ್ಟು ಯಾರಾದರೂ ತಿಳಿಸಿ.

ತರಂಗಪ್ರಿಯ: ಇದು ಬ್ಯಾಂಡ್, ಅಂದರೆ ಫೋನ್ ಹಿಡಿಯಬಲ್ಲ ತರಂಗಾಂತರದ ಸಮಸ್ಯೆಯೇ. ಅಮೆರಿಕಕ್ಕಾಗಿ ತಯಾರಾದ ಮಾದರಿಗಳಲ್ಲಿ ಅಲ್ಲಿಯ 12, 13, 71ರಂತಹ ಬ್ಯಾಂಡ್‌ಗಳಿಗೆ ಆದ್ಯತೆ ಇರುತ್ತದೆ, ನಮಗೆ ಬೇಕಾದವು ಕೆಲವೊಮ್ಮೆ ಇರುವುದೇ ಇಲ್ಲ. ಪೆಟ್ಟಿಗೆಯ ಮೇಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಬರೆಯಿರಿ. ಮಾರಾಟದ ಹೆಸರು ಸಾಲದು, ಏಕೆಂದರೆ ಒಂದೇ ಹೆಸರಿನ ಫೋನಿನ ರೇಡಿಯೋ ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ. ನಾನು ಕೊಳ್ಳುವ ಮುನ್ನವೇ ಬ್ಯಾಂಡ್ ಪಟ್ಟಿಯನ್ನು ಹೋಲಿಸಿ ನೋಡುವವನು, ಆದ್ದರಿಂದ ನನ್ನ ಮೂರು ಫೋನ್‌ಗಳಲ್ಲಿ ಒಂದೂ ಈವರೆಗೆ ಕೈಕೊಟ್ಟಿಲ್ಲ.

ಹಳೇಹ್ಯಾಂಡ್‌ಸೆಟ್: ನಾನು ಕಳೆದ ಬಾರಿ ಭಾರತಕ್ಕೆ ಫೋನ್ ತಂದಾಗ ಯಾವ ನೋಂದಣಿಯನ್ನೂ ಮಾಡಿಸಲಿಲ್ಲ. ಅದು ತಯಾರಕರು ಮತ್ತು ಆಮದುದಾರರು ಮಾರಾಟಕ್ಕೆ ಮುನ್ನ ಮಾಡಬೇಕಾದ ಕೆಲಸ, ಸ್ವಂತ ಬಳಕೆಗೆ ತರುವ ಪ್ರಯಾಣಿಕರದ್ದಲ್ಲ. ನಿಮಗೆ ಯಾರೋ ಸುಮ್ಮನೆ ಹಣ ಕಟ್ಟಿಸಿದ್ದಾರೆ. ಪೆಟ್ಟಿಗೆಯನ್ನು ಒಡೆದು ಸಿಮ್ ಹಾಕಿಕೊಂಡು ಬಂದಿದ್ದರೆ ಸುಂಕದ ಮಾತೇ ಬರುತ್ತಿರಲಿಲ್ಲ.

ನಿಧಾನಿ: ಜೋಡಿಸಿಮ್ ಅವರೇ, ನೀವು ಈಗ ಯಾವ ದೇಶದಲ್ಲಿದ್ದೀರಿ ಎಂಬುದನ್ನೇ ಬರೆದಿಲ್ಲ. ಪ್ರಯಾಣಿಕರಿಂದಲೇ ಐಎಂಇಐ ನೋಂದಣಿ ಮಾಡಿಸಿದ್ದಾರೆ ಎಂದಮೇಲೆ ಅದು ಭಾರತವಾಗಿರಲಾರದು. ಇನ್ನೂ ಎರಡು ವಿಷಯ ಬೇಕು. ಫೋನಿನಲ್ಲಿ ಬೇರೆ ಸಿಮ್ ಇದೆಯೇ, ಇದ್ದರೆ ಅದು ಕೆಲಸ ಮಾಡುತ್ತಿದೆಯೇ? ಮೊದಲ ವಾರ ಕೆಲಸ ಮಾಡಿದ್ದು ಇದೇ ಇ-ಸಿಮ್ಮೋ, ಬೇರೆಯದೋ?

ಜೋಡಿಸಿಮ್: ಕ್ಷಮಿಸಿ, ಉದ್ಯೋಗಕ್ಕಾಗಿ ಇಂಡೋನೇಷ್ಯಾದಲ್ಲಿದ್ದೇನೆ, ಬಂದು 41 ದಿನವಾಯಿತು. ಪ್ಲಾಸ್ಟಿಕ್ ಸಿಮ್ ಸರಿಯಾಗಿಯೇ ಇದೆ, ಅದಕ್ಕೇ ಅದರ ಬಗ್ಗೆ ಬರೆಯಲಿಲ್ಲ. ಮೊದಲ ವಾರ ಇದ್ದದ್ದು ಪ್ರವಾಸಿಗರು ಊರು ಬಿಡುವ ಮುನ್ನ ಕೊಳ್ಳುವ ಅಂತರರಾಷ್ಟ್ರೀಯ ಇ-ಸಿಮ್. ಅದರ ಅವಧಿ ಮುಗಿದ ಮೇಲೆ ಇಲ್ಲಿಯ ಇನ್ನೊಂದು ಕಂಪನಿಯ ಇ-ಸಿಮ್ ಹಾಕಿಸಿದೆ. ಎರಡೂ ಇ-ಸಿಮ್ಮೇ ಆಗಿರುವುದರಿಂದ ವ್ಯತ್ಯಾಸವೇನೂ ಇರದು ಎಂದುಕೊಂಡಿದ್ದೆ.

ತರಂಗಪ್ರಿಯ: ಇನ್ನೊಂದು ಕಂಪನಿ ಎಂದಿರಲ್ಲ, ಅಲ್ಲಿಯೇ ಉತ್ತರವಿದೆ. ಒಂದು ಕಂಪನಿ ಹೆಚ್ಚಾಗಿ 1800 ಮೆಗಾಹರ್ಟ್ಸ್‌ನ ಬ್ಯಾಂಡ್ 3ರಲ್ಲಿದ್ದು, ಮತ್ತೊಂದು 2300ರ ಬ್ಯಾಂಡ್ 40ನ್ನು ನೆಚ್ಚಿಕೊಂಡಿದ್ದರೆ, ಒಂದೇ ಫೋನ್ ಒಂದರಲ್ಲಿ ಓಡಿ ಇನ್ನೊಂದರಲ್ಲಿ ನಿಲ್ಲುತ್ತದೆ. ಮಾದರಿ ಸಂಖ್ಯೆ ಕೊಡಿ.

ನಿಧಾನಿ: ತರಂಗಪ್ರಿಯ ಅವರ ಊಹೆಯನ್ನು ತಳ್ಳಿಹಾಕಲಾಗದು, ಆದರೆ ಪರೀಕ್ಷಿಸಿ ನೋಡಬಹುದು. ಬ್ಯಾಂಡ್‌ಗಳು ಇಡೀ ಫೋನಿನ ರೇಡಿಯೋಗೆ ಸೇರಿದವು, ಒಂದೊಂದು ಸಿಮ್‌ಗೆ ಒಂದೊಂದು ಎಂದಿರುವುದಿಲ್ಲ. ಆದ್ದರಿಂದ ಆ ಎರಡನೇ ಕಂಪನಿಯ ಪ್ಲಾಸ್ಟಿಕ್ ಸಿಮ್ ಒಂದನ್ನು ಸಹೋದ್ಯೋಗಿಗಳಿಂದ ಪಡೆದು ನಿಮ್ಮ ಫೋನಿನ ಟ್ರೇಯಲ್ಲಿ ಹಾಕಿ ನೋಡಿ. ಅಲ್ಲಿ 4ಜಿ ಬಂದರೆ ಬ್ಯಾಂಡ್ ನಿರಪರಾಧಿ. ಆಮೇಲೆ `*#06#` ಒತ್ತಿ, ತೆರೆಯ ಮೇಲೆ ಎಷ್ಟು ಐಎಂಇಐ ಕಾಣುತ್ತವೆ ಎಂದು ಎಣಿಸಿ, ನಿಲ್ದಾಣದಲ್ಲಿ ಕೊಟ್ಟ ರಸೀತಿಯಲ್ಲಿ ಎಷ್ಟಿವೆ ಎಂದು ಹೋಲಿಸಿ.

ಪ್ರವಾಸಿ ಇ-ಸಿಮ್ ಕೆಲಸ ಮಾಡಿದ್ದೇ ದೊಡ್ಡ ಸುಳಿವು. ಅದು ಹೊರದೇಶದ ಸಂಖ್ಯೆಯಾದ್ದರಿಂದ ರೋಮಿಂಗ್‌ನಲ್ಲಿ ಇರುತ್ತದೆ, ಮತ್ತು ರೋಮಿಂಗ್‌ನಲ್ಲಿರುವ ಸಿಮ್‌ಗೆ ಅಲ್ಲಿ ಐಎಂಇಐ ನೋಂದಣಿಯ ಷರತ್ತು ಅನ್ವಯಿಸುವುದಿಲ್ಲ. ಸ್ಥಳೀಯ ಸಿಮ್ ಹಾಕಿದ ಕೂಡಲೇ ಕಂಪನಿಯು ಆ ಸಿಮ್ ಇರುವ ಕಡೆಯ ಐಎಂಇಐಯನ್ನು ಪಟ್ಟಿಯಲ್ಲಿ ಹುಡುಕಿ, ಸಿಗದಿದ್ದರೆ ಸೇವೆಯನ್ನು ನಿರಾಕರಿಸುತ್ತದೆ. ಎರಡು ಸಿಮ್‌ನ ಫೋನಿಗೆ ಎರಡು ಐಎಂಇಐ ಇರುವುದರಿಂದ ಒಂದು ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿದ್ದರೆ, ನೀವು ಹೇಳುತ್ತಿರುವ ಹಾಗೆಯೇ ಅರ್ಧ ಫೋನ್ ಮಾತ್ರ ಬದುಕಿರುತ್ತದೆ.

ಹಳೇಹ್ಯಾಂಡ್‌ಸೆಟ್: ಪೆಟ್ಟಿಗೆ ಒಡೆದು ತರುವ ನನ್ನ ಸಲಹೆಗೆ ಯಾರೂ ಉತ್ತರಿಸಲಿಲ್ಲ.

ನಿಧಾನಿ: ಉತ್ತರಿಸುತ್ತೇನೆ. ಇಂಡೋನೇಷ್ಯಾದಲ್ಲಿ ಸ್ಥಳೀಯ ಸಿಮ್ ಬಳಸಬೇಕಾದರೆ ಹಳೆಯ ಫೋನನ್ನೂ ನೋಂದಾಯಿಸಲೇಬೇಕು, ಪೆಟ್ಟಿಗೆ ತೆರೆದಿರುವುದರಿಂದ ಐಎಂಇಐ ಬದಲಾಗುವುದಿಲ್ಲವಲ್ಲ. ಪ್ರತಿ ಪ್ರಯಾಣಿಕರಿಗೆ ಎರಡು ಫೋನ್‌ಗಳ ಮಿತಿಯೂ, 500 ಡಾಲರ್ ತನಕ ವಿನಾಯಿತಿಯೂ ಇದೆ. ಇವರ 900 ಡಾಲರ್ ಫೋನಿನಲ್ಲಿ 500 ಕಳೆದು ಉಳಿದ 400ಕ್ಕೆ ಶೇಕಡಾ 10ರ ಆಮದು ಸುಂಕ, ಅಂದರೆ 40 ಡಾಲರ್. ಮೌಲ್ಯವರ್ಧಿತ ತೆರಿಗೆಯನ್ನು ಲೆಕ್ಕ ಹಾಕುವುದು 400ರ ಮೇಲಲ್ಲ, ಸುಂಕ ಸೇರಿದ 440ರ ಮೇಲೆ. ಕಟ್ಟಿದ ಹಣ ಸ್ವಲ್ಪ ಹೆಚ್ಚಾಯಿತೆಂದು ಅನೇಕರಿಗೆ ಅನಿಸುವುದು ಇಲ್ಲಿಯೇ.

ಜೋಡಿಸಿಮ್: ಮಾಡಿ ನೋಡಿದೆ. ಸ್ನೇಹಿತರೊಬ್ಬರ ಆ ಕಂಪನಿಯ ಪ್ಲಾಸ್ಟಿಕ್ ಸಿಮ್ ನನ್ನ ಟ್ರೇಯಲ್ಲಿ ಒಂದು ನಿಮಿಷದೊಳಗೆ 4ಜಿ ಹಿಡಿಯಿತು. `*#06#` ಒತ್ತಿದಾಗ ಎರಡು ಐಎಂಇಐ ಕಾಣಿಸಿದವು, ರಸೀತಿಯಲ್ಲಿ ಮೊದಲನೆಯದು ಮಾತ್ರ ಇದೆ. ವಿಮಾನದಲ್ಲಿ ಕುಳಿತು ಅರ್ಜಿ ತುಂಬುವಾಗ ಎರಡನೇ ಸಂಖ್ಯೆಯ ಜಾಗವನ್ನು ನಾನೇ ಖಾಲಿ ಬಿಟ್ಟಿದ್ದೆ, ಒಂದು ಫೋನಿಗೆ ಒಂದು ಸಂಖ್ಯೆ ಸಾಕೆಂಬ ಭಾವನೆಯಿಂದ. ಇಲ್ಲಿಯ ಕಸ್ಟಮ್ಸ್ ಜಾಲತಾಣದ ಐಎಂಇಐ ಹುಡುಕುವ ಪುಟದಲ್ಲಿ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ.

ತರಂಗಪ್ರಿಯ: ಆ 4ಜಿ ಬ್ಯಾಂಡ್ 3ರದ್ದಾಗಿರಬಹುದು. ಮನೆಯೊಳಗೆ ಸಿಗ್ನಲ್ ಹೇಗಿದೆ ಎಂದು ನೋಡಿದ್ದೀರಾ? 900ರ ಬ್ಯಾಂಡ್ 8 ಇಲ್ಲದ ಫೋನ್ ಬೀದಿಯಲ್ಲಿ ಚೆನ್ನಾಗಿದ್ದು, ದಪ್ಪ ಗೋಡೆಯೊಳಗೆ ಸೊರಗುತ್ತದೆ.

ನಿಧಾನಿ: ಅದು ನಿಜವಾದ ಮಾತು, ಆದರೆ ಅದು ಸಿಗ್ನಲ್ ಸೊರಗುವ ಸಮಸ್ಯೆ. ಇವರದ್ದು ಸೇವೆಯನ್ನೇ ನಿರಾಕರಿಸುವ ಸಮಸ್ಯೆ. ಎರಡನ್ನೂ ಬೇರೆಬೇರೆಯಾಗಿ ಗುರುತಿಸಲು, ನೆಟ್‌ವರ್ಕನ್ನು ಕೈಯಾರೆ ಹುಡುಕಿಸಿ ನೋಡಬಹುದು. ಪಟ್ಟಿಯಲ್ಲಿ ಕಂಪನಿಯ ಹೆಸರೇ ಬಾರದಿದ್ದರೆ ಬ್ಯಾಂಡನ್ನೂ ಆ ಜಾಗದ ಸಿಗ್ನಲನ್ನೂ ಅನುಮಾನಿಸಿ, ಹೆಸರು ಬಂದು ಆರಿಸಿದಾಗ ಒಳಗೆ ಬಿಡದಿದ್ದರೆ ಐಎಂಇಐಯನ್ನೋ ಸಿಮ್ ಖಾತೆಯನ್ನೋ ಅನುಮಾನಿಸಿ.

ಜೋಡಿಸಿಮ್ ಅವರೇ, ನಿಮ್ಮಲ್ಲಿ ಉಳಿದಿರುವುದು 19 ದಿನ. ನಿಲ್ದಾಣದಿಂದ ಹೊರಬಂದ ಮೇಲೆ ನೋಂದಾಯಿಸುವವರಿಗೆ ಬಂದ ದಿನದಿಂದ 60 ದಿನಗಳ ಅವಕಾಶ ಮಾತ್ರ ಇದೆ, ಹಾಗೆ ತಡವಾಗಿ ಮಾಡಿಸಿದರೆ 500 ಡಾಲರ್ ವಿನಾಯಿತಿಯೂ ಸಿಗುವುದಿಲ್ಲ. ಆದ್ದರಿಂದ ಕಸ್ಟಮ್ಸ್ ಕಚೇರಿಗೆ ಫೋನ್, ಪೆಟ್ಟಿಗೆ, ಪಾಸ್‌ಪೋರ್ಟ್ ಮತ್ತು ತೆರಿಗೆ ಕಟ್ಟಿದ ರಸೀತಿಯನ್ನು ಒಯ್ದು, ಇದು ಹೊಸ ನೋಂದಣಿಯಲ್ಲ, ತೆರಿಗೆ ಕಟ್ಟಿರುವ ಅದೇ ಫೋನಿನ ದಾಖಲೆಯ ತಿದ್ದುಪಡಿ ಎಂದು ಮೊದಲೇ ಸ್ಪಷ್ಟಪಡಿಸಿ. ಎರಡೂ ಸಂಖ್ಯೆಗಳು ಒಂದೇ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದೇ ನಿಮ್ಮ ಸಾಕ್ಷಿ. ಬರೆದುಕೊಳ್ಳುವಾಗ 15 ಅಂಕಿಗಳನ್ನಷ್ಟೇ ಬರೆಯಿರಿ. ಕೆಲವು ಫೋನ್‌ಗಳು ಕೊನೆಗೆ ಓರೆಗೆರೆ ಹಾಕಿ ತೋರಿಸುವ ಎರಡು ಅಂಕಿಗಳು ಐಎಂಇಐಗೆ ಸೇರಿದವಲ್ಲ.

ಹಳೇಹ್ಯಾಂಡ್‌ಸೆಟ್: ಅಲ್ಲಿಯ ನಿಯಮ ಬೇರೆ ಎಂದು ಒಪ್ಪುತ್ತೇನೆ. ಆದರೂ ಪ್ರವಾಸಿ ಇ-ಸಿಮ್ಮನ್ನೇ ಮುಂದುವರಿಸಿದರೆ ಈ ತಾಪತ್ರಯವೇ ಇಲ್ಲವಲ್ಲ?

ಜೋಡಿಸಿಮ್: ಬ್ಯಾಂಕಿನ ಸಂದೇಶಗಳಿಗೆ ಸ್ಥಳೀಯ ಸಂಖ್ಯೆಯೇ ಬೇಕು, ಪ್ರವಾಸಿ ಇ-ಸಿಮ್‌ನಲ್ಲಿ ಡೇಟಾ ಮಾತ್ರ ಇತ್ತು. ಇಂದು ಕಚೇರಿಗೆ ಹೋಗಿ ಬಂದೆ. ರಸೀತಿ ಮತ್ತು ಪೆಟ್ಟಿಗೆಯನ್ನು ನೋಡಿ ಅರ್ಜಿ ತೆಗೆದುಕೊಂಡಿದ್ದಾರೆ, ಆದರೆ ತಿದ್ದುಪಡಿಯೆಂದು ಪರಿಗಣಿಸುತ್ತಾರೋ ಮತ್ತೆ ತೆರಿಗೆ ಕೇಳುತ್ತಾರೋ ಎಂದು ಇನ್ನೂ ತಿಳಿಸಿಲ್ಲ. ಅಲ್ಲಿಯವರೆಗೆ ಎರಡನೇ ಕಂಪನಿಯ ಸಂಖ್ಯೆಯನ್ನು ಪ್ಲಾಸ್ಟಿಕ್ ಸಿಮ್‌ಗೆ ಬದಲಿಸಿಕೊಂಡು ಟ್ರೇಯಲ್ಲಿ ಹಾಕಿದ್ದೇನೆ, ಮೊದಲ ಸಿಮ್ ಹಳೆಯ ಫೋನಿಗೆ ಹೋಯಿತು. ಇನ್ನೊಂದು ವಿಚಿತ್ರ: ಈ ಸಿಮ್‌ನಲ್ಲಿ ಕರೆ ಬಂದ ಕೂಡಲೇ ಫೋನ್ 4ಜಿ ಬಿಟ್ಟು 2ಜಿಗೆ ಇಳಿಯುತ್ತದೆ.

ತರಂಗಪ್ರಿಯ: ಇಳಿದೇ ಇಳಿಯುತ್ತದೆ. 4ಜಿಯಲ್ಲಿಯೇ ಕರೆ ಸಾಗಿಸುವ ವೋಲ್ಟಿಯನ್ನು ಕಂಪನಿ ನಿಮ್ಮ ಮಾದರಿಗೆ ತೆರೆದಿಲ್ಲ. ಈಗಲಾದರೂ ಮಾದರಿ ಸಂಖ್ಯೆ ಕೊಡುತ್ತೀರಾ?