ಹಾಜರಿ ಪುಸ್ತಕದಲ್ಲಿ ಹತ್ತು ಸಹಿ, ಮತ ಎಷ್ಟು?

ಗಂಗಾವತಿ ಕಡೆಯ ಸೊಸೈಟಿ ಕಾರ್ಯದರ್ಶಿ: ನಾನು ಹೊಸಬ. ನಮ್ಮ ಬೈಲಾ ಪ್ರಕಾರ ಕೋರಂ 7. ಹೋದ ಸಭೆಯಲ್ಲಿ 10 ಜನ ಒಂದೇ ಹಾಳೆಯಲ್ಲಿ ಸಾಲಾಗಿ ಸಹಿ ಮಾಡಿದ್ದಾರೆ. ಚುನಾಯಿತ ನಿರ್ದೇಶಕರು 5, ಕೋ-ಆಪ್ಟ್ ಆದವರು 2, ವಿಶೇಷ ಆಹ್ವಾನಿತರಾಗಿ ಬಂದ ಹಳೇ ನಿರ್ದೇಶಕರು 2, ವೀಕ್ಷಕರಾಗಿ ಬ್ಯಾಂಕಿನವರು 1. ಗೋದಾಮು ಬಾಡಿಗೆಗೆ ಕೊಡುವ ಠರಾವು 5-4 ಆಗಿ ಪಾಸಾಯಿತು. ಬ್ಯಾಂಕಿನವರು ಕೈ ಎತ್ತಲಿಲ್ಲ. ಈಗ ಒಬ್ಬ ನಿರ್ದೇಶಕರು ತಕರಾರು ತೆಗೆದಿದ್ದಾರೆ. ಯಾರ ಮತ ನಡೆಯುತ್ತದೆ?

ಕೊಪ್ಪಳದಿಂದ: ಕೋ-ಆಪ್ಟ್ ಆದವರಿಗೆ ಮತ ಇಲ್ಲವೇ ಇಲ್ಲ ಸರ್, ಕಾನೂನಲ್ಲೇ ಇದೆ. ಆಹ್ವಾನಿತರಿಗೂ ಇಲ್ಲ. ಐದೇ ಜನ ಲೆಕ್ಕ.

ಬಳ್ಳಾರಿಯಿಂದ: ನಮ್ಮ ವಾರ್ಡಿನಲ್ಲೂ ಇದೇ ಗೊಂದಲ ಇತ್ತು. ಪಾಲಿಕೆಗೆ ಸರ್ಕಾರ ನಾಮನಿರ್ದೇಶನ ಮಾಡಿದವರು ಸಭೆಯಲ್ಲಿ ಮಾತಾಡಬಹುದು, ಮತ ಹಾಕುವ ಹಾಗಿಲ್ಲ. ಸಂವಿಧಾನದ 243ಆರ್ ನೋಡಿ. ಶಾಸಕರು, ಸಂಸದರಿಗೆ ಬೇರೆ ಲೆಕ್ಕ.

ಸಿಂಧನೂರಿನಿಂದ, ನಿವೃತ್ತ ಕಾರ್ಯದರ್ಶಿ: ಬಳ್ಳಾರಿಯವರೇ, ನೀವು ಹೇಳಿದ್ದು ನಗರಾಡಳಿತಕ್ಕೆ ಸರಿ, ಸೊಸೈಟಿಗೆ ಆ ಕಲಂ ಬರುವುದಿಲ್ಲ. ಕೊಪ್ಪಳದ ಅಣ್ಣನ ಮಾತು ಅರ್ಧ ನಿಜ.

ನಮ್ಮ ಕಡೆ "ಕೋ-ಆಪ್ಟ್" ಅನ್ನೋ ಒಂದೇ ಪದದಲ್ಲಿ ಇಬ್ಬರು ಬೇರೆ ಬೇರೆ ಜನರನ್ನು ಕರೆಯುತ್ತೇವೆ, ಸಮಸ್ಯೆ ಹುಟ್ಟುವುದೇ ಅಲ್ಲಿ. ಒಬ್ಬ ನಿರ್ದೇಶಕರು ತೀರಿಕೊಂಡು ಆ ಜಾಗ ಖಾಲಿಯಾಗಿ, ಉಳಿದ ಅವಧಿ ಅರ್ಧಕ್ಕಿಂತ ಕಡಿಮೆ ಇದ್ದಾಗ ಅದೇ ವರ್ಗದ ಸದಸ್ಯರೊಬ್ಬರನ್ನು ಮಂಡಳಿ ತುಂಬಿಕೊಳ್ಳುತ್ತದೆ ನೋಡಿ, ಅವರು ತೀರಿಕೊಂಡವರ ಕುರ್ಚಿಯಲ್ಲೇ ಕೂತವರು, ಹಕ್ಕೂ ಅದೇ. ಇನ್ನೊಬ್ಬರು ಬ್ಯಾಂಕಿಂಗ್, ಹಣಕಾಸು ಗೊತ್ತಿದೆ ಅಂತ ಹೆಚ್ಚುವರಿಯಾಗಿ ಸೇರಿಸಿಕೊಂಡವರು. ಸಹಕಾರ ಸಂಘಗಳ ಬಗ್ಗೆ ಸಂವಿಧಾನಕ್ಕೆ ತಂದ 97ನೇ ತಿದ್ದುಪಡಿಯಲ್ಲಿ ಇಂಥವರು ಇಬ್ಬರಿಗಿಂತ ಜಾಸ್ತಿ ಇರಬಾರದು, ಸಂಘದ ಚುನಾವಣೆಯಲ್ಲಿ ಮತ ಇಲ್ಲ, ಪದಾಧಿಕಾರಿ ಆಗುವ ಹಾಗಿಲ್ಲ ಅಂತ ಇತ್ತು. ಚುನಾವಣೆ ಅಂತ ಬರೆದಿದ್ದರು, ಸಾದಾ ಠರಾವಿನ ಮಾತೇ ಎತ್ತಿಲ್ಲ. ಅದೂ ಅಲ್ಲದೆ, ಒಂದೇ ರಾಜ್ಯದೊಳಗಿನ ಸಂಘಗಳಿಗೆ ಆ ಭಾಗ ಅನ್ವಯಿಸುವುದಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ರಾಜ್ಯದ ಕಾಯ್ದೆ, ನಿಮ್ಮ ಬೈಲಾ, ಅವರನ್ನು ತೆಗೆದುಕೊಂಡ ಠರಾವು, ಈ ಮೂರನ್ನೂ ಪಕ್ಕದಲ್ಲಿಟ್ಟು ಓದಿ. ನಿಮ್ಮ ಇಬ್ಬರಲ್ಲಿ ಯಾರು ಯಾವ ಥರ? ಯಾರು ಯಾವ ಕಡೆ ಕೈ ಎತ್ತಿದರು?

ಕಾರ್ಯದರ್ಶಿ: ಒಬ್ಬರು ತೀರಿಕೊಂಡವರ ಜಾಗಕ್ಕೆ ಬಂದವರು. ಇನ್ನೊಬ್ಬರು ಲೆಕ್ಕ ಬಲ್ಲವರು ಅಂತ ಹೆಚ್ಚುವರಿ. ಪರ: ಚುನಾಯಿತರು 2, ಖಾಲಿ ಜಾಗಕ್ಕೆ ಬಂದವರು 1, ಆಹ್ವಾನಿತರು 2. ವಿರುದ್ಧ: ಚುನಾಯಿತರು 3, ಲೆಕ್ಕದವರು 1. ಅಧ್ಯಕ್ಷರ ಮತವೂ ಇದರಲ್ಲೇ ಇದೆ.

ನಿವೃತ್ತ ಕಾರ್ಯದರ್ಶಿ: ಹಾಗಾದರೆ ಕೂಡಿ ನೋಡಿ. ಆಹ್ವಾನಿತರ ಎರಡು ತೆಗೆದರೆ ಪರ 3 ಉಳಿಯುತ್ತದೆ. ಲೆಕ್ಕದವರನ್ನು ಎಣಿಸಿದಿರಾ, ಕೋರಂ 7 ಆಯಿತು, ಆದರೆ ಠರಾವು 3-4ರಲ್ಲಿ ಬಿತ್ತು. ಎಣಿಸಲಿಲ್ಲವಾ, 3-3 ಸಮ ಅನ್ನಬಹುದು, ಆದರೆ ಹಾಜರಿದ್ದ ನಿರ್ದೇಶಕರು 6 ಜನ ಮಾತ್ರ, ಕೋರಂ ಇಲ್ಲದ ಮೇಲೆ ಅಧ್ಯಕ್ಷರ ನಿರ್ಣಾಯಕ ಮತಕ್ಕೂ ಜಾಗ ಇಲ್ಲ. ಯಾವ ಕಡೆಯಿಂದ ಎಣಿಸಿದರೂ ಆ ಠರಾವು ಪಾಸಾಗಿಲ್ಲ.

ದಯವಿಟ್ಟು ಹಳೇ ನಡವಳಿ ತಿದ್ದಬೇಡಿ, ಹಾಳೆ ಬದಲಿಸಬೇಡಿ. ಮುಂದಿನ ಸಭೆಯ ನೋಟಿಸಿನಲ್ಲೇ ಈ ವಿಷಯ ಹಾಕಿ, ಹೋದ ಸಲ ಎಣಿಕೆಯಲ್ಲಿ ತಪ್ಪಾಗಿದೆ ಅಂತ ನಡವಳಿಯಲ್ಲಿ ಬರೆದು, ಹೊಸದಾಗಿ ಮತಕ್ಕೆ ಹಾಕಿ.

ರಾಯಚೂರಿನಿಂದ, ಮಹಿಳಾ ಸಂಘದ ಅಧ್ಯಕ್ಷೆ: ನಮ್ಮಲ್ಲೂ ಆಡಿಟಿನವರು ಇದನ್ನೇ ಹಿಡಿದರು, ಆಹ್ವಾನಿತರಿಗೂ ಸಭಾ ಭತ್ಯೆ ಕೊಟ್ಟಿದ್ದೆವು. ಆಮೇಲಿಂದ ಸಭೆಗೆ ಮೊದಲೇ ಹಾಜರಿ ಪುಸ್ತಕದಲ್ಲಿ ನಿರ್ದೇಶಕರ ಹೆಸರು, ಅವರು ಹೇಗೆ ಬಂದವರು ಅಂತ ಬರೆದಿಡುತ್ತೇವೆ, ಅವರು ಮುಂದೆ ಸಹಿ ಮಾಡುತ್ತಾರೆ ಅಷ್ಟೇ. ಅದರ ಕೆಳಗೆ ಗೆರೆ ಎಳೆದು ಕೋರಂ ಎಷ್ಟಾಯಿತು ಅಂತ ಬರೆಯುತ್ತೇವೆ. ಆಹ್ವಾನಿತರು, ವೀಕ್ಷಕರ ಸಹಿ ಗೆರೆಯ ಕೆಳಗೆ, ಯಾವ ವಿಷಯಕ್ಕೆ ಕರೆದದ್ದು ಅಂತಲೂ ಇರುತ್ತದೆ. ಕೈ ಎತ್ತುವ ಹೊತ್ತಿಗೆ ಅವರನ್ನು ಹೊರಗೆ ಕೂರಲು ಹೇಳುತ್ತೇವೆ. ಹಿರಿಯರಿಗೆ ಹಾಗೆ ಹೇಳುವುದು ಕಷ್ಟ, ನಿಜ. ಕರೆಯುವ ಪತ್ರದಲ್ಲೇ "ಚರ್ಚೆಗೆ ಮಾತ್ರ" ಅಂತ ಬರೆದರೆ ಬೇಜಾರಾಗಲ್ಲ.

ಕೊಪ್ಪಳದಿಂದ: ಖಾಲಿ ಜಾಗದವರ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಲೆಕ್ಕದವರನ್ನು ಕೋರಂಗೆ ಹಿಡಿಯುವುದು ನನಗೆ ಒಪ್ಪಿಗೆ ಇಲ್ಲ. ಸದಸ್ಯರು ಆರಿಸದವರಿಂದ ಕೋರಂ ತುಂಬಿಸಬಾರದು.

ಕಾರ್ಯದರ್ಶಿ: ಬೈಲಾ ತೆಗೆದು ನೋಡಿದೆ. ಕೋರಂ ಕಲಮಿನಲ್ಲಿ "ಮಂಡಳಿಯ ಸದಸ್ಯರು" ಅಂತಷ್ಟೇ ಇದೆ, ಹೆಚ್ಚುವರಿಯವರು ಸೇರುತ್ತಾರಾ ಇಲ್ಲವಾ ಅಂತ ಇಲ್ಲ. ಸಹಾಯಕ ನಿಬಂಧಕರಿಗೆ ಲಿಖಿತವಾಗಿ ಕೇಳುತ್ತೇನೆ. ಇನ್ನೊಂದು ಫಜೀತಿ ಇದೆ, ಗೋದಾಮಿನ ಮುಂಗಡ ಹಣ ಆಗಲೇ ಖಾತೆಗೆ ಬಂದಿದೆ.

ನಿವೃತ್ತ ಕಾರ್ಯದರ್ಶಿ: ಹೊಸ ಠರಾವು ಆಗುವವರೆಗೆ ಅದನ್ನು ಠೇವಣಿ ಅಂತಲೇ ತೋರಿಸಿ, ಬಾಡಿಗೆ ಆದಾಯಕ್ಕೆ ಜಮಾ ಮಾಡಬೇಡಿ. ಕರಾರು ಪತ್ರಕ್ಕೆ ಸಹಿ ಆಗಿದೆಯಾ?